ಶುಕ್ರವಾರ 11 ಗಂಟೆಗೆ ಎರಡು ಸಂದರ್ಶನ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷ ದುಡಿದ, ಇಪ್ಪತ್ತಾರರ ಆಸುಪಾಸಿನ ಯುವತಿಯೊಬ್ಬರು ಬುಧವಾರ ಸಂಜೆ ನನ್ನ ಬಳಿ ಬಂದರು. ಒಂದು ಆಡಿಟ್ ಕಚೇರಿ ಶುಕ್ರವಾರ ಬೆಳಿಗ್ಗೆ 11ಕ್ಕೆ ವಿಡಿಯೊ ಮೂಲಕ ಮೊದಲ ಸುತ್ತಿನ ಸಂದರ್ಶನ ನಿಗದಿಪಡಿಸಿತ್ತು. ಆಕೆ ಸೋಮವಾರವೇ ಒಪ್ಪಿಗೆ ಕೊಟ್ಟಿದ್ದರು. ಮಂಗಳವಾರ ರಾತ್ರಿ ಪೀಣ್ಯದ ಒಂದು ತಯಾರಿಕಾ ಕಂಪನಿಯಿಂದ, ಅದೇ ದಿನ ಅದೇ ಹೊತ್ತಿಗೆ, ಮೂವರು ಕೂತು ನಡೆಸುವ ಕೊನೆಯ ಸುತ್ತಿಗೆ ಖುದ್ದಾಗಿ ಬರಬೇಕೆಂಬ ಕರೆ ಬಂತು. ಆಕೆಗೆ ಬೇಕಿದ್ದುದು ಈ ಎರಡನೆಯದು.

“ಮೊದಲು ಹೂಂ ಅಂದದ್ದು ಅವರಿಗೆ ಮೇಡಂ, ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ?” ಎಂಬುದು ಆಕೆಯ ಸಂಕಟ. ಪೀಣ್ಯಕ್ಕೆ ಹೋಗುವ ದಾರಿಯಲ್ಲೇ ಕ್ಯಾಬ್‌ನಲ್ಲಿ ಕೂತು ವಿಡಿಯೊ ಸಂದರ್ಶನ ಮುಗಿಸಿಬಿಡು ಎಂದು ತಂದೆ ಹೇಳಿದ್ದರಂತೆ. ಎರಡೂ ಒಂದೇ ಹೊತ್ತಿಗಿರುವಾಗ ಆ ಮಾತು ಲೆಕ್ಕಕ್ಕೇ ಬರುವುದಿಲ್ಲ. ಬಂದರೂ ತುಮಕೂರು ರಸ್ತೆಯ ಗದ್ದಲದಲ್ಲಿ ಜಿಎಸ್‌ಟಿ ಪ್ರಶ್ನೆಗೆ ಉತ್ತರಿಸುವ ಅಭ್ಯರ್ಥಿಯನ್ನು ಯಾರೂ ಮೆಚ್ಚುವುದಿಲ್ಲ.

ಸಮಯ ಬದಲಿಸಿ ಎಂದು ಕೇಳುವ ಯಾವ ಪತ್ರಕ್ಕೂ, “ಹಾಗಾದರೆ ಬೇಡ” ಎಂಬ ಉತ್ತರ ಬರುವ ಅಪಾಯ ಇದ್ದೇ ಇರುತ್ತದೆ. ಆ ಅಪಾಯವನ್ನು, ಕಳೆದುಕೊಂಡರೆ ಕಡಿಮೆ ನೋವಾಗುವ ಕಡೆಯೇ ಎದುರಿಸಬೇಕು ಎಂದು ನಾನು ವಿವರಿಸಿದೆ. ಇಲ್ಲಿ ಇನ್ನೊಂದು ಅನುಕೂಲವೂ ಇತ್ತು: ಮೂವರು ಹಿರಿಯರ ಬಿಡುವನ್ನು ಮತ್ತೆ ಹೊಂದಿಸುವುದಕ್ಕಿಂತ ಒಬ್ಬರ ಅರ್ಧ ಗಂಟೆಯ ವಿಡಿಯೊ ಕರೆಯನ್ನು ಮುಂದೂಡುವುದು ಸುಲಭ. ಸಂದರ್ಶನಕ್ಕೆ ಒಪ್ಪಿದ ಮಾತ್ರಕ್ಕೆ ಕೆಲಸಕ್ಕೆ ಒಪ್ಪಿದಂತಲ್ಲ ಎಂದೂ ಹೇಳಬೇಕಾಯಿತು.

ಆಕೆ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಕರಡು “ನನಗೆ ಜ್ವರ” ಎಂದು ಆರಂಭವಾಗುತ್ತಿತ್ತು. ಅದನ್ನು ತೆಗೆಸಿದೆ. ನಾಡಿದ್ದಿನ ಜ್ವರವನ್ನು ಇವತ್ತೇ ತಿಳಿಸುವವರನ್ನು ನೋಡಿ ಎಚ್‌ಆರ್‌ನವರು ನಗುತ್ತಾರೆ ಎಂಬುದು ಒಂದು ಕಾರಣ, ಮುಂದೆ ಅವರೆದುರೇ ಕೂತಾಗ “ಈಗ ಆರೋಗ್ಯ ಹೇಗಿದೆ?” ಎಂದರೆ ಸುಳ್ಳನ್ನು ಮುಂದುವರಿಸಬೇಕಾಗುತ್ತದೆ ಎಂಬುದು ಇನ್ನೊಂದು. “ಮೊದಲೇ ಒಪ್ಪಿಕೊಂಡ ಕಾರ್ಯಕ್ರಮವಿದೆ” ಎಂದು ಬದಲಿಸಲೇ ಎಂದು ಕೇಳಿದರು. ಮೊದಲು ಒಪ್ಪಿಕೊಂಡದ್ದು ಇವರದ್ದನ್ನೇ ಆದ್ದರಿಂದ ಅದೂ ಸುಳ್ಳೇ. ಹಾಗೆಂದು ಇನ್ನೊಂದು ಕಂಪನಿಯ ಹೆಸರನ್ನಾಗಲಿ, ಅದರ ಮೇಲಿನ ಒಲವನ್ನಾಗಲಿ ಹೇಳುವ ಅಗತ್ಯವಿಲ್ಲ. ಪತ್ರ ಇಂಗ್ಲಿಷಿನಲ್ಲಿ ಹೋಯಿತು, ಒಕ್ಕಣೆ ಹೀಗಿತ್ತು:

“ಶುಕ್ರವಾರ 11 ಗಂಟೆಯ ಸಂದರ್ಶನಕ್ಕೆ ನಾನು ಸೋಮವಾರ ಒಪ್ಪಿಗೆ ತಿಳಿಸಿದ್ದೆ. ಆ ನಂತರ, ಅದೇ ಸಮಯಕ್ಕೆ ನಾನು ಬದಲಿಸಲಾಗದ ಒಂದು ಕೆಲಸ ಬಂದಿದೆ. ತೊಂದರೆಗಾಗಿ ಕ್ಷಮಿಸಿ. ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. ಗುರುವಾರ ಸಂಜೆ 4ರ ನಂತರ, ಶನಿವಾರ ಮಧ್ಯಾಹ್ನದೊಳಗೆ ಅಥವಾ ಸೋಮವಾರ ಯಾವ ಹೊತ್ತಿಗಾದರೂ ನಾನು ಸಿದ್ಧಳಿರುತ್ತೇನೆ. ಈ ಯಾವುದೂ ಆಗದಿದ್ದರೆ ನಿಮಗೆ ಹೊಂದುವ ಸಮಯ ತಿಳಿಸಿ.”

ಶುಕ್ರವಾರ ಮಧ್ಯಾಹ್ನವನ್ನು ಬೇಕೆಂದೇ ಬಿಟ್ಟೆವು. ಕೊನೆಯ ಸುತ್ತು ಎಷ್ಟು ಹೊತ್ತು ಎಳೆಯುತ್ತದೆಂದು ಹೇಳಲಾಗದು, ಅದೇ ಪತ್ರವನ್ನು ಎರಡನೇ ಸಲ ಬರೆಯುವ ಪ್ರಸಂಗ ಬಂದರೆ ಯಾರೂ ಒಪ್ಪುವುದಿಲ್ಲ.

ಕಳುಹಿಸುವ ಮೊದಲು ಆಕೆಯ ಬೆರಳು ಕ್ಯಾಲೆಂಡರ್ ಆಹ್ವಾನದ “ನೋ” ಗುಂಡಿಯ ಮೇಲಿತ್ತು. ಅದನ್ನು ಒತ್ತಿದರೆ ಆಹ್ವಾನಿಸಿದವರಿಗೆ ಕಾರಣವಿಲ್ಲದ ನಿರಾಕರಣೆಯೊಂದು ತಾನಾಗಿಯೇ ಹೋಗಿ ಮುಟ್ಟುತ್ತದೆ, ಅಭ್ಯರ್ಥಿ ಹಿಂದೆ ಸರಿದರೆಂದೇ ಅವರು ತಿಳಿಯಬಹುದು. ಹೊಸ ಸಮಯ ಗೊತ್ತಾಗುವವರೆಗೆ ಅದನ್ನು ಮುಟ್ಟಬೇಡಿ ಎಂದೆ. ಸೋಮವಾರದ ಮೇಲ್‌ಗೇ ಉತ್ತರವಾಗಿ ಬರೆಸಿದ್ದರಿಂದ ಹಿಂದಿನ ಮಾತುಕತೆ ಕೆಳಗೇ ಇತ್ತು; ಯಾವ ಅಭ್ಯರ್ಥಿ, ಯಾವ ಹುದ್ದೆ ಎಂದು ಅವರು ಹುಡುಕಬೇಕಿರಲಿಲ್ಲ.

ಗುರುವಾರ 11 ಗಂಟೆಯಾದರೂ ಉತ್ತರ ಬಾರದಿದ್ದರೆ ಫೋನ್ ಮಾಡಬೇಕು, ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು ಎಂದು ಹೇಳಿ ಕಳುಹಿಸಿದೆ. ಅವರು ಬದಲಿಸಲು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಆಗಲೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೀಣ್ಯಕ್ಕೇ ಹೋಗುತ್ತೇನೆ” ಎಂದರು. ಹಾಗಾದರೆ ಆ ಗಳಿಗೆಯಲ್ಲಿ ವಾದಿಸದೆ, ಧನ್ಯವಾದ ಹೇಳಿ ಸಂದರ್ಶನದಿಂದ ಹಿಂದೆ ಸರಿಯುವುದಾಗಿ ಎರಡು ಸಾಲು ಬರೆದುಬಿಡಿ ಎಂದೆ. ಹೇಳದೆ ಕೇಳದೆ ಗೈರಾದರೆ ಮಾತ್ರ ಅಲ್ಲಿಯ ಬಾಗಿಲು ಮುಚ್ಚುತ್ತದೆ.

ಗುರುವಾರ ಉತ್ತರ ಬರಲಿಲ್ಲ. ಆಕೆ ಫೋನ್ ಮಾಡಿದಾಗ ಎಚ್‌ಆರ್‌ನವರು ಮೇಲ್ ಇನ್ನೂ ನೋಡಿರಲಿಲ್ಲ. ಲೈನಿನಲ್ಲಿದ್ದಂತೆಯೇ ತೆರೆದು ಓದಿ, ಏನೂ ಕೆದಕದೆ, ಶನಿವಾರ 10ಕ್ಕೆ ಆಗಬಹುದೇ ಎಂದರಂತೆ.