ರೆಸ್ಯೂಮ್ ಮೊಬೈಲ್‌ನಲ್ಲಿ ಸರಿಯಾಗಿ ತೆರೆಯಬೇಕೆಂದರೆ ಯಾವ ಫೈಲ್, ಯಾವ ಫಾಂಟ್?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ಬಳ್ಳಾರಿಯಲ್ಲಿದ್ದೇನೆ. ಡಿಟಿಪಿ ಅಂಗಡಿಯಲ್ಲಿ ರೆಸ್ಯೂಮ್ ಮಾಡಿಸಿದೆ. ಮೊಬೈಲ್‌ನಲ್ಲಿ ತೆಗೆದರೆ ಎಲ್ಲ ಚೆಲ್ಲಾಪಿಲ್ಲಿ. ವರ್ಡ್ ಕಳಿಸಲಾ, ಪಿಡಿಎಫ್ ಕಳಿಸಲಾ? ಕಂಪನಿ ಸಾಫ್ಟ್‌ವೇರ್ ಇದನ್ನ ಓದುತ್ತಾ?

ಪಿಡಿಎಫ್ ಕಳಿಸಿ. ಆದರೆ ಅದು ವರ್ಡ್‌ನಿಂದ ನೇರವಾಗಿ ಮಾಡಿದ ಪಿಡಿಎಫ್ ಆಗಿರಬೇಕು. ಪ್ರಿಂಟ್ ತೆಗೆದು, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ. ಅದು ಬರೀ ಫೋಟೊ.

ನಾನು ತೋರಣಗಲ್ಲು ಕಡೆ ಒಂದು ಗುತ್ತಿಗೆ ಕಂಪನಿಯಲ್ಲಿ ಬರುವ ರೆಸ್ಯೂಮ್‌ಗಳನ್ನು ನೋಡುತ್ತೇನೆ. ಹೆಚ್ಚಿನವನ್ನು ಮೊದಲು ಮೊಬೈಲ್‌ನಲ್ಲೇ ತೆರೆಯುತ್ತೇನೆ. ವರ್ಡ್ ಫೈಲ್ ಬಂದರೆ ತೊಂದರೆ ಏನು ಅಂದರೆ, ನೀವು ಹಾಕಿದ ಫಾಂಟ್ ನನ್ನ ಫೋನ್‌ನಲ್ಲಿ ಇರುವುದಿಲ್ಲ. ಫೋನ್ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ, ಸಾಲುಗಳ ಉದ್ದ ಬದಲಾಗುತ್ತದೆ, ಒಂದು ಪುಟದ ರೆಸ್ಯೂಮ್ ಎರಡನೇ ಪುಟಕ್ಕೆ ಜಾರುತ್ತದೆ. ಪಿಡಿಎಫ್‌ನಲ್ಲಿ ಫಾಂಟ್ ಫೈಲ್ ಒಳಗೇ ಸೇರಿರುತ್ತದೆ, ಹಾಗಾಗಿ ಎಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ. ಜಾಹೀರಾತಿನಲ್ಲೇ `.docx` ಕೇಳಿದ್ದರೆ ಮಾತ್ರ ಅದನ್ನು ಕಳಿಸಿ.

ಈಗ ಸಾಫ್ಟ್‌ವೇರ್ ವಿಷಯ. ಅದು ಪುಟದ ಅಂದ ನೋಡುವುದಿಲ್ಲ, ಒಳಗಿನ ಅಕ್ಷರಗಳನ್ನು ಸಾಲಾಗಿ ಎತ್ತಿಕೊಳ್ಳುತ್ತದೆ. ಅದಕ್ಕೆ ಏನು ಸಿಗುತ್ತದೆ ಅಂತ ನೀವೇ ನೋಡಬಹುದು. ಕಂಪ್ಯೂಟರ್‌ನಲ್ಲಿ ಪಿಡಿಎಫ್ ತೆರೆದು `Ctrl+A`, `Ctrl+C` ಒತ್ತಿ, ನೋಟ್‌ಪ್ಯಾಡ್‌ನಲ್ಲಿ `Ctrl+V` ಮಾಡಿ. ಹೆಚ್ಚು ಕಡಿಮೆ ಅಲ್ಲಿ ಬಂದದ್ದೇ ಸಾಫ್ಟ್‌ವೇರ್‌ಗೆ ಸಿಗುವುದು. ಏನೂ ಬರಲಿಲ್ಲ ಅಂದರೆ ನಿಮ್ಮದು ಫೋಟೊ ಪಿಡಿಎಫ್.

ನಮ್ಮ ಪಕ್ಕದ ಮನೆಯ ಹುಡುಗನ ರೆಸ್ಯೂಮ್ ಹೀಗೆ ನೋಡಿದೆವು. ಎಡಗಡೆ ನೀಲಿ ಪಟ್ಟಿಯಲ್ಲಿ ಸ್ಕಿಲ್ಸ್, ಬಲಗಡೆ ಕೆಲಸದ ಅನುಭವ. ಪರದೆ ಮೇಲೆ ನೋಡಲು ಚೆನ್ನಾಗಿಯೇ ಇತ್ತು. ನೋಟ್‌ಪ್ಯಾಡ್‌ಗೆ ಹಾಕಿದಾಗ ಬಂದದ್ದು ಇದು:

```
AutoCAD Maintenance Trainee
Hydraulics Jul 2022 -
MS Excel Aug 2023
```

ಎರಡು ಕಾಲಂಗಳನ್ನು ಅಡ್ಡಡ್ಡ ಓದಿದ್ದರಿಂದ ಹೀಗಾಯಿತು. ಕೆಲಸ ಸೇರಿದ ತಿಂಗಳು ಹೈಡ್ರಾಲಿಕ್ಸ್‌ಗೆ ಅಂಟಿಕೊಂಡಿದೆ, ಬಿಟ್ಟ ತಿಂಗಳು ಎಕ್ಸೆಲ್‌ಗೆ. ಒಂದು ವರ್ಷದ ಅನುಭವ ಇದ್ದರೂ ಲೆಕ್ಕಕ್ಕೆ ಸಿಗದೆ ಹೋಗಬಹುದು, ಅಲ್ವಾ? ಅವನ ಫೋನ್ ನಂಬರ್ ಪುಟದ ಹೆಡರ್‌ನಲ್ಲಿತ್ತು. ಕೆಲವು ಸಾಫ್ಟ್‌ವೇರ್‌ಗಳು ಹೆಡರ್ ಓದುವುದೇ ಇಲ್ಲ.

ಪಟ್ಟಿ ತೆಗೆದು ಎಲ್ಲವನ್ನೂ ಒಂದೇ ಕಾಲಂಗೆ ತಂದೆವು. ಮೇಲೆ ಹೆಸರು, ಅದರ ಕೆಳಗೆ ಮಾಮೂಲಿ ಸಾಲಿನಲ್ಲೇ ಫೋನ್, ಇಮೇಲ್, ಊರು. ಆಮೇಲೆ `Work Experience`, `Education`, `Skills`. ಈ ತಲೆಬರಹಗಳನ್ನು ಹೀಗೇ ಇಡಿ, ಸಾಫ್ಟ್‌ವೇರ್ ಹುಡುಕುವುದು ಇವನ್ನೇ. ತಾರೀಖು ಒಂದೇ ಸಾಲಿನಲ್ಲಿ ಇರಲಿ:

```
Maintenance Trainee, Jul 2022 - Aug 2023
```

ಸ್ಕಿಲ್ಸ್ ಮುಂದಿನ ಸ್ಟಾರ್, ಫೋನ್ ಚಿತ್ರ, ಟೆಕ್ಸ್ಟ್ ಬಾಕ್ಸ್, ಟೇಬಲ್ ಎಲ್ಲ ತೆಗೆದೆವು. ಈ ಸಲ ನೋಟ್‌ಪ್ಯಾಡ್‌ನಲ್ಲಿ ಎಲ್ಲ ಕ್ರಮವಾಗಿ ಬಂತು.

ಫಾಂಟ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏರಿಯಲ್ ಅಥವಾ ಕ್ಯಾಲಿಬ್ರಿ ಸಾಕು. ಆದರೆ ಅಳತೆ 11ಕ್ಕಿಂತ ಕಮ್ಮಿ ಮಾಡಬೇಡಿ. ಎ4 ಹಾಳೆ 21 ಸೆಂ.ಮೀ. ಅಗಲ, ಫೋನ್ ಪರದೆ ಸುಮಾರು 7. ಅಂದರೆ ಅಕ್ಷರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಲ್ಲ ಒಂದೇ ಪುಟದಲ್ಲಿ ತುರುಕಲು 8ಕ್ಕೆ ಇಳಿಸಿದರೆ ಫೋನ್‌ನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಅದಕ್ಕಿಂತ ಎರಡು ಪುಟ ಆಗಲಿ ಬಿಡಿ.

ನಮ್ಮ ಕಡೆ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದರೆ ಇನ್ನೊಂದನ್ನು ಗಮನಿಸಿ. ಹೆಸರು, ವಿಳಾಸ ಕನ್ನಡದಲ್ಲಿದ್ದು, ಅದನ್ನು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಪುಟದಲ್ಲಿ ‘ಕನ್ನಡ’ ಅಂತ ಕಂಡರೂ ಕಾಪಿ ಮಾಡಿದಾಗ `PÀ£ÀßqÀ` ಅಂತ ಬರುತ್ತದೆ. ವರ್ಡ್ ಫೈಲ್ ಮೊಬೈಲ್‌ನಲ್ಲಿ ತೆರೆದಾಗಲೂ ಇದೇ ಕಾಣುತ್ತದೆ. ನಿಮ್ಮ ‘ಚೆಲ್ಲಾಪಿಲ್ಲಿ’ ಇಂಥದ್ದೇ ಇದ್ದರೆ ಕಾರಣ ಇದೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡಿ ಅಂತ ಕೇಳಿ. ನಿರ್ಮಲಾ ಯುಐ, ತುಂಗಾ, ನೋಟೊ ಸ್ಯಾನ್ಸ್ ಕನ್ನಡ ಯಾವುದಾದರೂ ಆಗುತ್ತದೆ. ಖಾಸಗಿ ಕಂಪನಿಗೆ ಹಾಕುವುದಾದರೆ ಪೂರ್ತಿ ಇಂಗ್ಲಿಷ್‌ನಲ್ಲೇ ಇರಲಿ. ಯೂನಿಕೋಡ್ ಇದ್ದರೂ ಪಿಡಿಎಫ್‌ನಿಂದ ಎತ್ತುವಾಗ ಕನ್ನಡದ ಒತ್ತಕ್ಷರ ಕೆಲವೊಮ್ಮೆ ಕೆಡುತ್ತವೆ.

ಕೊನೆಗೆ ವರ್ಡ್‌ನಲ್ಲಿ `File > Save As` ಒತ್ತಿ `PDF` ಆರಿಸಿ. ಕೋರೆಲ್‌ಡ್ರಾದಲ್ಲಿ ಮಾಡಿಸಿದ್ದರೆ ಅಕ್ಷರಗಳು ಚಿತ್ರವಾಗಿ ಬದಲಾಗಿರಬಹುದು, ಆಗ ವರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿಸುವುದೇ ವಾಸಿ. ಫೈಲ್ ಹೆಸರು `new final (2).pdf` ಅಂತ ಬೇಡ. ನಿಮ್ಮ ಹೆಸರು, ಡಿಪ್ಲೊಮಾ ವಿಭಾಗ ಎರಡೂ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಅಂಗಡಿಯವರ ಹತ್ತಿರ ಪಿಡಿಎಫ್ ಜೊತೆ `.docx` ಫೈಲನ್ನೂ ನಿಮ್ಮ ಇಮೇಲ್‌ಗೆ ಹಾಕಿಸಿಕೊಳ್ಳಿ. ಫೋನ್ ನಂಬರ್ ಬದಲಾದರೆ ನೀವೇ ತಿದ್ದಿಕೊಳ್ಳಬಹುದು.