ಇಮ್ಯುನೊಥೆರಪಿ ನಡುವೆ ಟಿಎಸ್‌ಎಚ್ ಕುಸಿದರೆ ಏನು ನೋಡಬೇಕು?

ಪ್ರಶ್ನೆ: ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್‌ಗೆ ಪೆಂಬ್ರೊಲಿಝುಮ್ಯಾಬ್ ಕೊಡ್ತಿದ್ದಾರೆ. ಮೂರನೇ ಡೋಸ್‌ಗೆ ಮುಂಚೆ ಟಿಎಸ್‌ಎಚ್ 0.03 ಬಂದಿದೆ. ಥೈರಾಯ್ಡ್ ಜಾಸ್ತಿ ಆಗಿದೆ ಅಂತಾರೆ. ಅದಕ್ಕೆ ಮಾತ್ರೆ ಶುರು ಮಾಡ್ಬೇಕಾ? ಇಂಜೆಕ್ಷನ್ ನಿಲ್ಲಿಸ್ಬೇಕಾ?

ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ದಿನಕ್ಕೆ ಎಷ್ಟೋ ಥೈರಾಯ್ಡ್ ರಿಪೋರ್ಟ್ ಕೈಯಿಂದ ದಾಟುತ್ತವೆ. ಆದರೂ ನಮ್ಮ ಅಪ್ಪಯ್ಯನಿಗೆ ಇದೇ ಔಷಧಿ ಶುರುವಾದಾಗ, ಇದೇ ರಿಪೋರ್ಟ್ ಬಂದಾಗ, ನಾನೂ ನಿಮ್ಮ ಹಾಗೇ ತಪ್ಪು ತಿಳಿದುಕೊಂಡಿದ್ದೆ.

ಮೊದಲು ನೇರ ಉತ್ತರ. ಬರೀ ಟಿಎಸ್‌ಎಚ್ ನೋಡಿ ಏನನ್ನೂ ಶುರು ಮಾಡಬೇಡಿ, ಏನನ್ನೂ ನಿಲ್ಲಿಸಬೇಡಿ. ಟಿಎಸ್‌ಎಚ್ ಅಂದರೆ ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಅದು ಇಳಿಯುತ್ತೆ. ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಎಷ್ಟಿದೆ ಅಂತ ನೋಡಿ, ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ, ಕ್ಯಾನ್ಸರ್ ಡಾಕ್ಟರಿಗೆ ಎರಡೂ ಸಂಖ್ಯೆ ಕಳಿಸಿ. ಅಮ್ಮನಿಗೆ ತೊಂದರೆ ಜಾಸ್ತಿ ಇಲ್ಲದಿದ್ದರೆ ಇದೊಂದೇ ಕಾರಣಕ್ಕೆ ಇಂಜೆಕ್ಷನ್ ನಿಲ್ಲಿಸುವುದು ಕಮ್ಮಿ.

ಅಪ್ಪಯ್ಯನ ಕಥೆ ಹೇಳ್ತೀನಿ, ಸಂಖ್ಯೆಗಳ ಸಮೇತ. ವಯಸ್ಸು 71, ತೂಕ 62 ಕೆಜಿ, ತೀರ್ಥಹಳ್ಳಿ ಕಡೆ ತೋಟ. ಏಪ್ರಿಲ್ ಕೊನೆಗೆ ಮೊದಲ ಡೋಸ್, ಆಮೇಲೆ ಮೂರು ವಾರಕ್ಕೊಂದು, ಪ್ರತಿ ಸಲ 200 ಮಿ.ಗ್ರಾಂ. ಶುರು ಮಾಡೋಕೆ ಮುಂಚೆ ಟಿಎಸ್‌ಎಚ್ 2.1, ಫ್ರೀ ಟಿ4 1.2. ಆ ಮೊದಲ ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ, ಆಮೇಲೆ ಹೋಲಿಸೋಕೆ ಬೇಕಾಗುತ್ತೆ. ಜೂನ್ ಮೊದಲ ವಾರ, ಮಳೆ ಹಿಡಿದಿತ್ತು, ನಾವೆಲ್ಲ ಕಂಬಳಿ ಹೊದ್ದು ಮಲಗಿದರೆ ಅಪ್ಪಯ್ಯ ಕಂಬಳಿ ಒದ್ದು ಫ್ಯಾನ್ ಹಾಕು ಅಂದರು. ಕೈ ನಡುಗಿ ಕಾಫಿ ಲೋಟದಿಂದ ಚೆಲ್ಲುತ್ತಿತ್ತು. ನಾಡಿ 108. ಮೂರನೇ ಡೋಸಿನ ರಕ್ತದಲ್ಲಿ ಟಿಎಸ್‌ಎಚ್ 0.02, ಫ್ರೀ ಟಿ4 2.9. ನಮ್ಮ ಲ್ಯಾಬಿನಲ್ಲಿ ಫ್ರೀ ಟಿ4 ಮೇಲಿನ ಮಿತಿ 1.8.

ಊರಲ್ಲಿ ಒಬ್ಬ ಡಾಕ್ಟರು ರಿಪೋರ್ಟ್ ನೋಡಿದವರೇ ಕಾರ್ಬಿಮಜೋಲ್ ಬರೆದುಕೊಟ್ಟರು. ಅಪ್ಪಯ್ಯ ನಾಲ್ಕು ದಿನ ನುಂಗಿಯೂ ಬಿಟ್ಟರು, ನನಗೆ ಹೇಳದೇ. ಇಲ್ಲೇ ವಿಷಯ ಇರೋದು. ಪೆಂಬ್ರೊಲಿಝುಮ್ಯಾಬ್ ನಮ್ಮ ರೋಗನಿರೋಧಕ ಕಣಗಳ ಮೇಲಿನ ಲಗಾಮು ಸಡಿಲಿಸುತ್ತದೆ, ಅವು ಕ್ಯಾನ್ಸರಿನ ಜೊತೆಗೆ ಥೈರಾಯ್ಡಿಗೂ ಹೋಗಿ ಕಚ್ಚುತ್ತವೆ. ಥೈರಾಯ್ಡಿನಲ್ಲಿ ಎಷ್ಟೋ ವಾರಕ್ಕೆ ಆಗುವಷ್ಟು ಹಾರ್ಮೋನ್ ದಾಸ್ತಾನು ಇರುತ್ತೆ. ಪಣತ ಒಡೆದು ಭತ್ತ ಅಂಗಳಕ್ಕೆ ಚೆಲ್ಲಿದ ಹಾಗೆ ಅದು ರಕ್ತಕ್ಕೆ ಸುರಿಯುತ್ತೆ. ಅಂಗಳದ ತುಂಬ ಭತ್ತ ಕಂಡ ಮಾತ್ರಕ್ಕೆ ಬೆಳೆ ಜಾಸ್ತಿ ಬಂದಿದೆ ಅಂತಲ್ಲ, ಅಲ್ವಾ? ಕಾರ್ಬಿಮಜೋಲ್ ಮಾಡೋದು ಹೊಸ ಹಾರ್ಮೋನ್ ತಯಾರಿಕೆ ತಡೆಯೋದು. ಇಲ್ಲಿ ತಯಾರಿಕೆಯೇ ನಿಂತಿರುತ್ತೆ, ಅದರಿಂದ ಏನೂ ಉಪಯೋಗ ಇಲ್ಲ. ಅಪರೂಪಕ್ಕೆ ಬಿಳಿ ರಕ್ತಕಣ ಇಳಿಸುವ ಮಾತ್ರೆ ಅದು, ಕ್ಯಾನ್ಸರ್ ರೋಗಿಗೆ ಆ ತಲೆನೋವು ಯಾಕೆ.

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯವರು ಫೋನಿನಲ್ಲೇ ಅದನ್ನು ನಿಲ್ಲಿಸಿ, ಎದೆ ಬಡಿತಕ್ಕೆ ಮಾತ್ರ ಒಂದು ಬೀಟಾ ಬ್ಲಾಕರ್ ಕೊಟ್ಟರು. ಸಾಮಾನ್ಯವಾಗಿ ಪ್ರೊಪ್ರನೊಲಾಲ್ ಕೊಡ್ತಾರಂತೆ, ಅಪ್ಪಯ್ಯನಿಗೆ ಬೀಡಿ ಸೇದಿ ಸೇದಿ ದಮ್ಮು ಇರೋದರಿಂದ ಮೆಟೊಪ್ರೊಲಾಲ್ ಬರೆದರು. ನಿಜವಾಗಲೂ ಹಾರ್ಮೋನ್ ಜಾಸ್ತಿ ತಯಾರಾಗುವ ಗ್ರೇವ್ಸ್ ಕಾಯಿಲೆ ಇರಬಹುದಾ ಅಂತ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರು, ನೆಗೆಟಿವ್. ಮೂರನೇ ಡೋಸ್ ಕೊಟ್ಟೇ ಕಳಿಸಿದರು. ಸ್ಟೀರಾಯ್ಡ್ ಕೊಡಲಿಲ್ಲ. ಥೈರಾಯ್ಡಿನ ಈ ಉರಿಯೂತಕ್ಕೆ ಸಾಮಾನ್ಯವಾಗಿ ಅದು ಬೇಕಾಗಲ್ಲ.

ಇನ್ನು ಎಲ್ಲರೂ ಎಡವೋ ಜಾಗ. ಮೂರು ವಾರ ಕಳೆದು, ನಾಲ್ಕನೇ ಡೋಸಿಗೆ ಫ್ರೀ ಟಿ4 1.2, ಟಿಎಸ್‌ಎಚ್ 0.01. ಸರಿ ಹೋಯ್ತು ಅಂದುಕೊಂಡೆವು. ಅದು ಸರಿ ಹೋಗಿದ್ದಲ್ಲ, ಇಳಿಯುವಾಗ ನಡುದಾರಿಯಲ್ಲಿ ಸಿಕ್ಕಿದ್ದು ಅಷ್ಟೇ. ಜುಲೈ ನಡುವಿಗೆ ಅಪ್ಪಯ್ಯ ಬೆಳಗ್ಗಿಂದ ಬಚ್ಚಲ ಒಲೆ ಮುಂದೆ ಕೂತರೆ ಏಳುತ್ತಿರಲಿಲ್ಲ. ಮಲೆನಾಡಿನ ಮಳೆಗಾಲ, ಚಳಿ ಆಗದೇ ಇರುತ್ತಾ ಅಂತ ನಮ್ಮಮ್ಮ. ಧ್ವನಿ ದಪ್ಪ ಆಗಿತ್ತು, ಮಲಬದ್ಧತೆ, ಮಾತಿಗೆ ಉತ್ತರ ಬರೋಕೆ ಹೊತ್ತು ಹಿಡಿಯುತ್ತಿತ್ತು. ಐದನೇ ಡೋಸಿನ ರಿಪೋರ್ಟ್: ಟಿಎಸ್‌ಎಚ್ 0.3, ಫ್ರೀ ಟಿ4 0.5.

ಟಿಎಸ್‌ಎಚ್ ಒಂದನ್ನೇ ಮಾಡಿಸಿದ್ದರೆ 0.3 ನೋಡಿ 'ಥೈರಾಯ್ಡ್ ಇನ್ನೂ ಸ್ವಲ್ಪ ಜಾಸ್ತಿನೇ ಇದೆ' ಅಂದುಬಿಡುತ್ತಿದ್ದೆವು. ಪೂರಾ ಉಲ್ಟಾ. ಟಿಎಸ್‌ಎಚ್ ಬರೋದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ. ಅಷ್ಟು ದಿನ ಹಾರ್ಮೋನ್ ತುಂಬಿ ತುಳುಕಿದ್ದಕ್ಕೆ ಅದು ಮಲಗಿಬಿಟ್ಟಿರುತ್ತೆ, ಎಚ್ಚರ ಆಗೋಕೆ ಕೆಲವು ವಾರ ಬೇಕು. ಅಷ್ಟರಲ್ಲಿ ಫ್ರೀ ಟಿ4 ನೆಲ ಕಚ್ಚಿರುತ್ತೆ.

ಆದರೆ ಎರಡೂ ಕಮ್ಮಿ ಬಂದರೆ ಇನ್ನೊಂದು ಅನುಮಾನವೂ ಏಳಬೇಕು. ಇದೇ ಔಷಧಿಗಳು ಪಿಟ್ಯುಟರಿಗೂ ಉರಿಯೂತ ತರಬಹುದು, ಇಪಿಲಿಮುಮ್ಯಾಬ್ ಅನ್ನೋ ಇನ್ನೊಂದು ಇಮ್ಯುನೊಥೆರಪಿ ಔಷಧಿ ಜೊತೆ ಅದು ಜಾಸ್ತಿ. ಆಗ ಬಿಪಿ ಹಿಡಿದಿಡುವ ಕಾರ್ಟಿಸಾಲ್ ಹಾರ್ಮೋನೂ ಕುಸಿದಿರಬಹುದು. ಕಾರ್ಟಿಸಾಲ್ ಇಲ್ಲದ ಮೈಗೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಇರೋ ಚೂರೂ ಬೇಗ ಖರ್ಚಾಗಿ ಬಿಪಿ ಬಿದ್ದು ಜೀವಕ್ಕೇ ಅಪಾಯ. ಅದಕ್ಕೇ ಅವರು ಮಾತ್ರೆ ಬರೆಯುವ ಮುಂಚೆ ಬೆಳಗ್ಗೆ ಎಂಟಕ್ಕೆ ಕಾರ್ಟಿಸಾಲ್‌ಗೆ ರಕ್ತ ತೆಗೆಸಿದರು. ಬೆಳಗ್ಗೆಯೇ ಆಗಬೇಕು, ಮಧ್ಯಾಹ್ನಕ್ಕೆ ಅದು ತಾನಾಗೇ ಇಳಿದಿರುತ್ತೆ. ಕೀಮೋ ಜೊತೆ ಡೆಕ್ಸಾಮೆಥಾಸೋನ್ ಅಥವಾ ಬೇರೆ ಸ್ಟೀರಾಯ್ಡ್ ಕೊಟ್ಟಿದ್ದರೂ ಆ ಸಂಖ್ಯೆ ಕಮ್ಮಿ ತೋರಿಸಬಹುದು, ಡಾಕ್ಟರಿಗೆ ನೆನಪಿಸಿ. ಅಪ್ಪಯ್ಯನಿಗೆ 14 ಬಂತು, ನೆಮ್ಮದಿ. ಎರಡು ವಾರಕ್ಕೆ ಟಿಎಸ್‌ಎಚ್ ನೆಗೆದು 46 ಆಯ್ತು, ಪಿಟ್ಯುಟರಿ ಚೆನ್ನಾಗಿದೆ, ಕೆಟ್ಟಿರೋದು ಥೈರಾಯ್ಡೇ ಅಂತ ಖಚಿತವಾಯ್ತು.

ಕಮ್ಮಿಯಾದ ಥೈರಾಯ್ಡ್ ಹಾರ್ಮೋನ್ ತುಂಬುವ ಲೆವೊಥೈರಾಕ್ಸಿನ್ ಮಾತ್ರೆಯ ಪೂರ್ತಿ ಡೋಸ್ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕ, ಅಂದರೆ ಇವರಿಗೆ ಸುಮಾರು 100. ವಯಸ್ಸು, ಹೃದಯ ನೋಡಿ 50ರಿಂದ ಶುರು ಮಾಡಿದರು, ಆರು ವಾರಕ್ಕೊಮ್ಮೆ ರಕ್ತ ನೋಡಿ ಏರಿಸಿದರು. ಇದು ಹೆಚ್ಚಿನವರಿಗೆ ಜೀವನಪೂರ್ತಿ ಮಾತ್ರೆ. ಇಂಜೆಕ್ಷನ್ ಮುಗಿದ ಮೇಲೂ ಬಿಡುವಂತಿಲ್ಲ.

ಈಗ ನಿಮ್ಮ ಅಮ್ಮನ ವಿಷಯ. ಎರಡು ಮೂರು ವಾರಕ್ಕೊಮ್ಮೆ ಟಿಎಸ್‌ಎಚ್, ಫ್ರೀ ಟಿ4 ಜೊತೆಯಲ್ಲೇ ಮಾಡಿಸಿ, ಹೇಗೂ ಪ್ರತಿ ಡೋಸಿಗೆ ಮುಂಚೆ ರಕ್ತ ಕೊಡ್ತೀರಲ್ಲ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ. ಕೂದಲು ಉದುರೋದಕ್ಕೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಎರಡು ದಿನ ಮುಂಚೆ ನಿಲ್ಲಿಸಿ. ಕೆಲವು ಮೆಷಿನ್‌ಗಳಲ್ಲಿ ಅದು ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತೆ, ಇದನ್ನು ನಾನು ಕಣ್ಣಾರೆ ಕಂಡಿದ್ದೀನಿ. ಕೂತಿದ್ದಾಗಲೂ ನಾಡಿ 120 ದಾಟಿದರೆ, ಎದೆನೋವು, ಜ್ವರ, ಗಲಿಬಿಲಿ ಕಂಡರೆ, ಇಲ್ಲಾ ಜೋರು ತಲೆನೋವು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಆದರೆ ಮುಂದಿನ ಡೋಸ್ ತನಕ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮುಂದೆ ಥೈರಾಕ್ಸಿನ್ ಶುರುವಾದರೆ ಅದು ಖಾಲಿ ಹೊಟ್ಟೆಗೆ, ಕಾಫಿಗೆ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ನಮ್ಮನೇಲಿ ಕ್ಯಾನ್ಸರ್ ಅಂದಾಗಲೂ ಅಷ್ಟು ಬೇಜಾರು ಮಾಡಿಕೊಳ್ಳದ ಅಪ್ಪಯ್ಯ ಈ ಕಾಫಿ ವಿಷಯಕ್ಕೆ ಮಾತ್ರ ದಿನಾ ಗೊಣಗುತ್ತಾರೆ. ಐದಕ್ಕೇ ಎದ್ದು ಮಾತ್ರೆ ನುಂಗಿ, ಆರು ಹೊಡೆಯೋ ತನಕ ಗಡಿಯಾರದ ಕೆಳಗೇ ಕೂತಿರುತ್ತಾರೆ.