ವರ್ಷದ ಆರ್ಡರ್ ಒಪ್ಪಿಕೊಂಡು ಬಾಕ್ಸ್ ರೇಟ್ ಇಳಿಸೋದು ಹೇಗೆ?

"ನಮ್ಮದು ಚಕ್ಕುಲಿ, ನಿಪ್ಪಟ್ಟು ಮಾಡುವ ಸಣ್ಣ ಘಟಕ. ತಿಂಗಳಿಗೆ 4,000 ರಟ್ಟಿನ ಬಾಕ್ಸ್ ಬೇಕು, ಒಂದಕ್ಕೆ 20 ರೂಪಾಯಿ ಕೊಡ್ತಿದ್ದೀವಿ. ವರ್ಷಕ್ಕೆ 60,000 ತಗೊಳ್ತೀವಿ ಅಂದ್ರೆ ಕಡಿಮೆ ಮಾಡ್ತಾರಾ? ಹೇಗೆ ಕೇಳೋದು?"

ಕಡಿಮೆ ಮಾಡ್ತಾರೆ. ಆದರೆ 60,000 ಅಂತ ಮೊದಲೇ ಬಾಯಿ ಬಿಡಬೇಡಿ. ಈಗಿನ ಲೆಕ್ಕಕ್ಕೆ ನಿಮಗೆ ಬೇಕಿರುವುದು 48,000. ಉಳಿದ 12,000 ಇನ್ನೂ ಆಸೆ ಮಾತ್ರ, ಅಲ್ವಾ?

ನಾನು ಒಂದು ತಿಂಡಿ ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಬಾಕ್ಸಿನವರಿಗೆ ದುಡ್ಡು ಉಳಿಯುವುದು ವರ್ಷದ ಮೊತ್ತದಿಂದಲ್ಲ, ಒಂದೇ ಸಲಕ್ಕೆ ಎಷ್ಟು ಹೊಡೆಯುತ್ತಾರೆ ಅನ್ನೋದರಿಂದ. ಪ್ರತಿ ಲಾಟಿಗೂ ಮೆಷಿನ್ ಸೆಟ್ ಮಾಡಬೇಕು, ಪ್ರಿಂಟಿನ ಪ್ಲೇಟ್ ಕೂರಿಸಬೇಕು, ಮೊದಲ ಕೆಲವು ಹಾಳೆ ವೇಸ್ಟ್. 4,000 ಆದರೂ 8,000 ಆದರೂ ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ "ಎರಡು ತಿಂಗಳಿಗೊಮ್ಮೆ 8,000ದ ಒಂದೇ ಲಾಟ್ ಎತ್ತಿದರೆ ಎಷ್ಟಕ್ಕೆ ಕೊಡ್ತೀರಿ?" ಅಂತ ಶುರು ಮಾಡಿ. ಒಣ ಜಾಗ ಇದ್ದರೆ ಮಾತ್ರ. ಮಳೆಗಾಲದಲ್ಲಿ ರಟ್ಟು ತೇವ ಎಳೆದುಕೊಂಡು ಮೆತ್ತಗಾಗುತ್ತದೆ.

19ಕ್ಕೆ ಬಂದರು ಅಂದುಕೊಳ್ಳಿ. ಆಗ ವರ್ಷಕ್ಕೆ 45,000 ಖಚಿತ ಅಂತ ಒಪ್ಪಿಕೊಳ್ಳಿ. 60,000 ಮುಟ್ಟಿದರೆ ಇನ್ನೂ 50 ಪೈಸೆ ಕೇಳಿ, ಅದೂ ಮೊದಲ ಬಾಕ್ಸಿನಿಂದಲೇ. ಹೆಚ್ಚಿಗೆ ತಗೊಂಡಷ್ಟಕ್ಕೆ ಮಾತ್ರ ಅಂದರೆ ಒಪ್ಪಬೇಡಿ. ಆ 30,000 ರೂಪಾಯಿ ವರ್ಷದ ಕೊನೆಗೆ ಕ್ರೆಡಿಟ್ ನೋಟಿನಲ್ಲಿ ಬರಲಿ. ಇದನ್ನು ಮೊದಲೇ ಕಾಗದದಲ್ಲಿ ಬರೆಸಿ, ಜಿಎಸ್‌ಟಿ ಲೆಕ್ಕ ಹೇಗೆ ಅಂತ ನಿಮ್ಮ ಆಡಿಟರನ್ನೂ ಕೇಳಿ.

ನಿಜವಾದ ಜಗ್ಗಾಟ ಇರೋದು ಗುರಿ ತಪ್ಪಿದರೆ ಏನು ಅನ್ನೋದರಲ್ಲಿ. ಅವರು "ಉಳಿದ ಮಾಲು ಎತ್ತಲೇಬೇಕು" ಅಂತ ಬರೆಯಬಹುದು. 60,000 ಒಪ್ಪಿ 45,000ಕ್ಕೆ ನಿಂತರೆ 15,000 ಬಾಕ್ಸ್, ಅಂದರೆ 2,85,000 ರೂಪಾಯಿ ಗೋಡೌನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಬದಲು, ಎತ್ತಿದ ಬಾಕ್ಸಿಗೆ ಸಿಕ್ಕ ರಿಯಾಯಿತಿ ವಾಪಸ್ ಕೊಡ್ತೀವಿ ಅನ್ನಿ. ಬಾಕ್ಸಿಗೆ 1 ರೂಪಾಯಿಯಂತೆ 45,000. ನೋವಾಗುತ್ತದೆ, ಆದರೆ ಮುಳುಗೋದಿಲ್ಲ. 45,000ವೇ ಖಚಿತ ಅಂದಿದ್ದರೆ ಆ ಪ್ರಶ್ನೆಯೇ ಬರೋದಿಲ್ಲ.

ಬಾಕ್ಸಿನ ಬೆಲೆಯಲ್ಲಿ ದೊಡ್ಡ ಪಾಲು ಕ್ರಾಫ್ಟ್ ಪೇಪರಿನದು. ಅದು ಏರಿದರೆ ರೇಟ್ ಬದಲಿಸುವ ಷರತ್ತು ಅವರು ಕೇಳಿಯೇ ಕೇಳುತ್ತಾರೆ. ಕೊಡಿ, ಆದರೆ ಇಳಿದಾಗಲೂ ಅನ್ವಯಿಸಲಿ.

ರೇಟ್ ಕುಗ್ಗಿಸಿದ ಮೇಲೆ ಪೇಪರ್ ತೆಳ್ಳಗಾಗುವುದು ಈ ಧಂದೆಯಲ್ಲಿ ಹಳೇ ಚಾಳಿ. ಎಷ್ಟು ಪ್ಲೈ, ಎಷ್ಟು ಜಿಎಸ್‌ಎಂ, ಖಾಲಿ ಬಾಕ್ಸಿನ ತೂಕ ಎಷ್ಟು ಅಂತ ಆರ್ಡರಿನಲ್ಲೇ ಬರೆಸಿ. ಈಗಿನ ಒಳ್ಳೇ ಲಾಟಿನ ಹತ್ತು ಒಣ ಬಾಕ್ಸ್ ತೂಗಿ ಬರೆದಿಟ್ಟುಕೊಳ್ಳಿ. ಹೊಸ ಲಾಟ್ ಇಳಿಸುವಾಗ ಬೇರೆ ಬೇರೆ ಕಟ್ಟಿನಿಂದ ಹತ್ತು ತೆಗೆದು ತೂಗಿ. ತೇವ ಇದ್ದರೆ ತೂಕ ಸುಮ್ನೆ ಜಾಸ್ತಿ ತೋರಿಸುತ್ತದೆ, ಒಣಗಿಸಿ ನೋಡಿ. ಆಮೇಲೆ ಬಿಲ್ಲಿಗೆ ಸಹಿ ಹಾಕಿ.